ಚೆಂಡಿನ ಮೈಮೇಲಿನ ಗುರುತುಗಳು

ಶಾಲಾ ತಂಡಕ್ಕೆ ಚೆಂಡು ತರಲು ಹೋದ ದೈಹಿಕ ಶಿಕ್ಷಕರ ಮುಂದೆ ಅಂಗಡಿಯವರು ನಾಲ್ಕಾರು ಚೆಂಡುಗಳನ್ನು ಸಾಲಾಗಿ ಇಡುತ್ತಾರೆ. ಎಲ್ಲವೂ ಹೆಚ್ಚುಕಡಿಮೆ ಒಂದೇ ಗಾತ್ರದವು, ಎಲ್ಲದರ ಮೇಲೂ ಒಂದೊಂದು ಅಂಕಿ. ಹೀಗಾಗಿ ಪ್ರೌಢಶಾಲೆಯ ಫುಟ್‌ಬಾಲ್ ತಂಡಕ್ಕೆ ಚಿಕ್ಕ ಚೆಂಡು ಬಂದುಬಿಡುತ್ತದೆ, ಇಲ್ಲವೇ ಒಳಾಂಗಣ ಆಟದ ಚೆಂಡು ಮಣ್ಣಿನ ಮೈದಾನಕ್ಕೆ ಬರುತ್ತದೆ. ಬಳಸಿದ ಚೆಂಡನ್ನು ಅಂಗಡಿಯವರು ವಾಪಸು ಪಡೆಯುವುದು ಅಪರೂಪ. ಆದ್ದರಿಂದ ಪರೀಕ್ಷೆ ಅಂಗಡಿಯ ಕಟ್ಟೆಯ ಮೇಲೇ ಆಗಬೇಕು. ಅದಕ್ಕೆ ಬೇಕಾದದ್ದು ದರ್ಜಿಯ ಟೇಪು, ಗ್ರಾಂ ಲೆಕ್ಕದಲ್ಲಿ ತೂಗುವ ಸಣ್ಣ ತಕ್ಕಡಿ ಮತ್ತು ಗಾಳಿ ತುಂಬುವ ಪಂಪು.

ಮೊದಲು ಕಣ್ಣಿಗೆ ಬೀಳುವುದು ತುಣುಕುಗಳ ಜೋಡಣೆ. ಅಂಗಡಿಯವರ ಮಾತಿನಲ್ಲಿ ಇವು ಪ್ಯಾನೆಲ್‌ಗಳು. ಸಾಂಪ್ರದಾಯಿಕ ಫುಟ್‌ಬಾಲಿನಲ್ಲಿ 32 ಪ್ಯಾನೆಲ್‌ಗಳಿರುತ್ತವೆ: ಐದು ಮೂಲೆಯವು 12, ಆರು ಮೂಲೆಯವು 20. ಎಲ್ಲವನ್ನೂ ಎಣಿಸಬೇಕಾಗಿಲ್ಲ. ಐದು ಮೂಲೆಯ ಒಂದು ತುಣುಕನ್ನು ಹುಡುಕಿ, ಅದರ ಸುತ್ತ ಆರು ಮೂಲೆಯ ಐದು ತುಣುಕುಗಳು ಕೂತಿವೆಯೇ ಎಂದು ನೋಡಿದರೆ ಸಾಕು. 1970ರ ಮೆಕ್ಸಿಕೊ ವಿಶ್ವಕಪ್‌ನಲ್ಲಿ ಬಳಸಿದ ಟೆಲ್‌ಸ್ಟಾರ್ ಚೆಂಡಿನ ಕಪ್ಪು-ಬಿಳಿ ರೂಪ ಇದೇ. ಫುಟ್‌ಬಾಲ್ ಎಂದರೆ ಇಂದಿಗೂ ಕಣ್ಣಮುಂದೆ ಬರುವುದು ಆ ಚಿತ್ರವೇ.

ವಾಲಿಬಾಲಿನ ಜೋಡಣೆ ಬೇರೆ. ಅದರಲ್ಲಿ ಸಾಮಾನ್ಯವಾಗಿ 18 ಪಟ್ಟಿಗಳಿರುತ್ತವೆ. ಮೂರು ಮೂರು ಪಟ್ಟಿಗಳು ಒಂದರ ಪಕ್ಕ ಒಂದು ಕೂತು ಒಂದು ಗುಂಪಾಗುತ್ತವೆ. ಇಂಥ ಆರು ಗುಂಪುಗಳು ಪಗಡೆಯ ದಾಳದ ಆರು ಮುಖಗಳಂತೆ ಚೆಂಡನ್ನು ಸುತ್ತುವರಿಯುತ್ತವೆ, ಪಕ್ಕದ ಗುಂಪಿನ ಪಟ್ಟಿಗಳು ಅಡ್ಡಲಾಗಿ ಹೋಗಿರುತ್ತವೆ. ಆದರೆ ಎಲ್ಲ ವಾಲಿಬಾಲ್‌ಗಳೂ ಹೀಗಿಲ್ಲ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಬಳಸಿದ ಮಿಕಾಸಾ ಚೆಂಡಿನಲ್ಲಿ ಎಂಟೇ ಪ್ಯಾನೆಲ್‌ಗಳಿದ್ದವು. ಅದೇ ಕಂಪನಿ 2019ರಲ್ಲಿ ಮತ್ತೆ 18 ಪ್ಯಾನೆಲ್‌ಗಳ ಚೆಂಡಿಗೆ ಮರಳಿತು. ಇನ್ನೊಂದು ಕಡೆ, 18 ಪಟ್ಟಿಗಳ ಫುಟ್‌ಬಾಲ್‌ಗಳೂ ಉಂಟು. ಹಾಗಾಗಿ ಪಟ್ಟಿಗಳನ್ನು ಕಂಡ ಮಾತ್ರಕ್ಕೆ ಅದು ವಾಲಿಬಾಲ್ ಎಂದು ತೀರ್ಮಾನಿಸುವ ಹಾಗಿಲ್ಲ.

ಬಣ್ಣವನ್ನಂತೂ ನಂಬಲೇಬಾರದು. ಅಗ್ಗದ ರಬ್ಬರ್ ಚೆಂಡುಗಳ ಮೇಲೆ ಕಪ್ಪು-ಬಿಳಿ ತುಣುಕುಗಳ ಚಿತ್ರವನ್ನು ಬರೀ ಮುದ್ರಿಸಿರುತ್ತಾರೆ. ಎರಡು ತುಣುಕುಗಳ ನಡುವಿನ ಗೆರೆಯ ಮೇಲೆ ಎರಡೂ ಹೆಬ್ಬೆರಳಿಟ್ಟು ಮೆಲ್ಲಗೆ ಎರಡು ಬದಿಗೆ ಎಳೆದರೆ ನಿಜ ತಿಳಿಯುತ್ತದೆ. ಹೊಲಿದ ಚೆಂಡಾದರೆ ಸಂದು ತುಸು ತೆರೆದು ಒಳಗಿನ ದಾರ ಕಾಣುತ್ತದೆ. ಅಚ್ಚಿನಲ್ಲಿ ಎರಕ ಹೊಯ್ದದ್ದಾದರೆ ಗೆರೆ ತೆರೆಯುವುದೇ ಇಲ್ಲ, ಅದು ರಬ್ಬರಿನ ಮೇಲೆ ಮೂಡಿಸಿದ ಬರೀ ಕಾಲುವೆ. ವಾಲಿಬಾಲಿನಲ್ಲಿ ದಾರ ಕಾಣದಿದ್ದರೆ ಗಾಬರಿಪಡಬೇಕಿಲ್ಲ. ಒಳಾಂಗಣ ವಾಲಿಬಾಲಿನ ಪಟ್ಟಿಗಳನ್ನು ಸಾಮಾನ್ಯವಾಗಿ ಅಂಟಿಸಿಯೇ ಕೂಡಿಸುತ್ತಾರೆ. ಹೊಲಿಗೆ ಎದ್ದು ಕಾಣುವ ವಾಲಿಬಾಲ್ ಬೀಚ್ ವಾಲಿಬಾಲ್ ಆಗಿರುವ ಸಂಭವ ಹೆಚ್ಚು. ಅದರ ಸುತ್ತಳತೆ 66ರಿಂದ 68 ಸೆಂ.ಮೀ., ಅದಕ್ಕೆ ತುಂಬುವ ಗಾಳಿಯೂ ಕಡಿಮೆ.

ಪ್ಯಾನೆಲ್ ನೋಡಿದರೆ ಚೆಂಡಿನ ಜಾತಿಯ ಸುಳಿವು ಸಿಗುತ್ತದೆ, ಗಾತ್ರ ತಿಳಿಯುವುದಿಲ್ಲ. ಪುಟ್ಟ ಮಕ್ಕಳ 3ನೇ ಸೈಜಿನ ಫುಟ್‌ಬಾಲಿಗೂ ದೊಡ್ಡವರ 5ನೇ ಸೈಜಿನದಕ್ಕೂ ಅದೇ 32 ಪ್ಯಾನೆಲ್. ಗಾತ್ರಕ್ಕೆ ಅಚ್ಚೊತ್ತಿದ ಅಕ್ಷರಗಳನ್ನು ಓದಬೇಕು. ಅಂಕಿ ಹೆಚ್ಚಾಗಿ ಕಂಪನಿಯ ಹೆಸರಿನ ಆಸುಪಾಸಿನಲ್ಲಿ ಅಥವಾ ವಾಲ್ವ್ ಬಳಿ ಇರುತ್ತದೆ. ಎಂಟರಿಂದ ಹನ್ನೆರಡು ವರ್ಷದ ಮಕ್ಕಳಿಗೆ 4ನೇ ಸೈಜು, ಅದಕ್ಕೂ ದೊಡ್ಡವರಿಗೆ 5ನೇ ಸೈಜು ಎಂಬುದು ಫುಟ್‌ಬಾಲಿನಲ್ಲಿ ರೂಢಿ. ವಾಲಿಬಾಲಿನಲ್ಲೂ ದೊಡ್ಡವರದು 5, ಕಿರಿಯರದು 4. ಹೀಗೆ ಎರಡೂ ಆಟಗಳಲ್ಲಿ '5' ಎಂಬ ಅಂಕಿಯೇ ಇದ್ದರೂ ಎರಡರ ಅಳತೆ ಬೇರೆ.

ಅಂಕಿಯ ಪಕ್ಕದಲ್ಲಿ 'ಅಫಿಷಿಯಲ್ ಸೈಜ್ ಅಂಡ್ ವೇಟ್' ಎಂದು ಬರೆದಿದ್ದರೆ ಅದು ತಯಾರಕರೇ ಹೇಳಿಕೊಂಡ ಮಾತು. 'ಫಿಫಾ ಕ್ವಾಲಿಟಿ ಪ್ರೊ', 'ಫಿಫಾ ಕ್ವಾಲಿಟಿ', 'ಫಿಫಾ ಬೇಸಿಕ್' ಎಂಬ ಮುದ್ರೆಗಳ ಹಿಂದೆ ಪ್ರಯೋಗಾಲಯದ ಪರೀಕ್ಷೆ ಇರುತ್ತದೆ. ಶಾಲೆಯ ದಿನನಿತ್ಯದ ಅಭ್ಯಾಸಕ್ಕೆ ಇಂಥ ದುಬಾರಿ ಮುದ್ರೆ ಬೇಕೇಬೇಕೆಂದಿಲ್ಲ. ಆದರೆ ಮುದ್ರೆಯಿಲ್ಲದ ಚೆಂಡನ್ನು ಅಳೆದೇ ತೆಗೆದುಕೊಳ್ಳಬೇಕು.

ಅಳೆಯುವ ಮೊದಲು ವಾಲ್ವ್ ಬಳಿ ಬರೆದಿರುವಷ್ಟು ಗಾಳಿ ತುಂಬಬೇಕು. ಗಾಳಿ ಸಾಲದ ಚೆಂಡಿನ ಅಳತೆ ಕಡಿಮೆ ಬರುತ್ತದೆ, ಹೆಚ್ಚಾದರೆ ಚೆಂಡು ಹಿಗ್ಗುತ್ತದೆ. ನಿಯಮದ ಪ್ರಕಾರ ಫುಟ್‌ಬಾಲಿನ ಒತ್ತಡ ಸುಮಾರು 8.5ರಿಂದ 15.6 ಪಿಎಸ್‌ಐ, ವಾಲಿಬಾಲಿನದು 4.26ರಿಂದ 4.61 ಪಿಎಸ್‌ಐ ಮಾತ್ರ. ಇದೇ ಕಾರಣಕ್ಕೆ ಫುಟ್‌ಬಾಲಿಗೆ ಹೊಡೆದಷ್ಟೇ ಗಾಳಿಯನ್ನು ವಾಲಿಬಾಲಿಗೂ ಹೊಡೆದರೆ ಅದು ಕಲ್ಲಿನಂತಾಗಿ ಮಕ್ಕಳ ಮುಂಗೈ ಕೆಂಪಾಗುತ್ತದೆ, ಅಂಟಿಸಿದ ಸಂದುಗಳೂ ಬೇಗ ಬಿಡುತ್ತವೆ. ಗಾಳಿ ತುಂಬಿದ ಮೇಲೆ ಚೆಂಡಿನ ಅತಿ ಅಗಲದ ಭಾಗದಲ್ಲಿ ಟೇಪು ಸುತ್ತಿ, ದಿಕ್ಕು ಬದಲಿಸಿ ಮೂರು ಸಲ ಅಳೆಯಬೇಕು. ಮೂರು ಅಳತೆಗಳಲ್ಲಿ ಒಂದು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಚೆಂಡು ದುಂಡಗಿಲ್ಲ ಎಂದರ್ಥ.

ಈಗ ಪ್ರೌಢಶಾಲೆಯೊಂದಕ್ಕೆ 5ನೇ ಸೈಜಿನ ಫುಟ್‌ಬಾಲ್ ಮತ್ತು ವಾಲಿಬಾಲ್ ಬೇಕು, ಮುಂದೆ ನಾಲ್ಕು ಚೆಂಡುಗಳಿವೆ ಎಂದುಕೊಳ್ಳೋಣ. ಮೊದಲನೆಯದು 32 ಪ್ಯಾನೆಲ್‌ನದು, ಹೊಲಿಗೆ ಕಾಣುತ್ತದೆ, ಸುತ್ತಳತೆ 69 ಸೆಂ.ಮೀ., ತೂಕ 425 ಗ್ರಾಂ. 5ನೇ ಸೈಜಿನ ಫುಟ್‌ಬಾಲಿಗೆ 68ರಿಂದ 70 ಸೆಂ.ಮೀ. ಮತ್ತು 410ರಿಂದ 450 ಗ್ರಾಂ ಇರಬೇಕಾದ್ದರಿಂದ ಇದು ಸರಿ. ಎರಡನೆಯದರ ಮೇಲೂ '5' ಎಂದಿದೆ, ಆದರೆ ಪೂರ್ತಿ ಗಾಳಿ ತುಂಬಿದ ಮೇಲೂ ಟೇಪು 65.5 ಸೆಂ.ಮೀ. ತೋರಿಸುತ್ತದೆ, ತೂಕ 370 ಗ್ರಾಂ. 4ನೇ ಸೈಜಿನ ಅಳತೆ 63.5ರಿಂದ 66 ಸೆಂ.ಮೀ., 350ರಿಂದ 390 ಗ್ರಾಂ. ಅಂದರೆ ಮುದ್ರೆ ಏನೇ ಹೇಳಲಿ, ಇದು 4ನೇ ಸೈಜಿನ ಚೆಂಡು.

ಮೂರನೆಯದು 18 ಪಟ್ಟಿಗಳದು, ಸುತ್ತಳತೆ ಇದಕ್ಕೂ ಸುಮಾರು 65.5. ಟೇಪೊಂದನ್ನೇ ನಂಬಿದವರಿಗೆ ಇದಕ್ಕೂ ಹಿಂದಿನ ಚೆಂಡಿಗೂ ವ್ಯತ್ಯಾಸವೇ ತಿಳಿಯದು. ತಕ್ಕಡಿಗೆ ಹಾಕಿದಾಗ 270 ಗ್ರಾಂ ಬರುತ್ತದೆ. ವಾಲಿಬಾಲಿಗೆ ಬೇಕಾದದ್ದು 65ರಿಂದ 67 ಸೆಂ.ಮೀ., 260ರಿಂದ 280 ಗ್ರಾಂ. ಹಾಗಾಗಿ ಇದು ಸರಿಯಾದ ವಾಲಿಬಾಲ್.

ನಾಲ್ಕನೆಯದು ಹೆಚ್ಚು ಮೋಸ ಹೋಗಿಸುವಂಥದ್ದು. 32 ಪ್ಯಾನೆಲ್, ಮೇಲೆ '4' ಎಂಬ ಅಂಕಿ, ಸುತ್ತಳತೆ 63 ಸೆಂ.ಮೀ., ಆದರೆ ತೂಕ 420 ಗ್ರಾಂ. ಗಾತ್ರ ಚಿಕ್ಕದಾಗಿದ್ದೂ ತೂಕ ದೊಡ್ಡ ಚೆಂಡಿನಷ್ಟಿದ್ದರೆ ಅದು ಫುಟ್ಸಾಲ್ ಚೆಂಡು. ಎರಡು ಮೀಟರ್ ಎತ್ತರದಿಂದ ಗಟ್ಟಿ ನೆಲಕ್ಕೆ ಬಿಟ್ಟರೆ ಮೊದಲ ನೆಗೆತ 50ರಿಂದ 65 ಸೆಂ.ಮೀ. ಮಾತ್ರ, ಅಂದರೆ ಮೊಣಕಾಲಿನ ಆಸುಪಾಸು. ಒಳ್ಳೆಯ ಫುಟ್‌ಬಾಲ್ ಅದರ ಎರಡು ಪಟ್ಟಿನಷ್ಟು ಪುಟಿಯುತ್ತದೆ. ಒಳಾಂಗಣದ ಗಟ್ಟಿ ನೆಲದ ಆಟಕ್ಕೆಂದೇ ಪುಟಿತ ತಗ್ಗಿಸಿ ಮಾಡಿದ ಈ ಚೆಂಡು ಚಿಕ್ಕ ಮಕ್ಕಳ ಕಾಲಿಗೂ ಭಾರ, ಶಾಲೆಯ ಮೈದಾನಕ್ಕೂ ಒಗ್ಗದು.

ಕೊಟೇಷನ್ ಕೇಳುವಾಗ ಬರೀ 'ಫುಟ್‌ಬಾಲ್ 4, ವಾಲಿಬಾಲ್ 4' ಎಂದು ಬರೆದರೆ ಆ ನಾಲ್ಕು ಸೈಜೋ ಸಂಖ್ಯೆಯೋ ತಿಳಿಯದೆ ಗೊಂದಲವಾಗುತ್ತದೆ. 'ಹೊಲಿದ ಫುಟ್‌ಬಾಲ್, ಸೈಜು 5, 68-70 ಸೆಂ.ಮೀ., 410-450 ಗ್ರಾಂ, ಫುಟ್ಸಾಲ್ ಅಲ್ಲ' ಮತ್ತು 'ಒಳಾಂಗಣ ವಾಲಿಬಾಲ್, ಸೈಜು 5, 65-67 ಸೆಂ.ಮೀ., 260-280 ಗ್ರಾಂ' ಎಂದು ಬರೆದು, ಅಳತೆ ತಪ್ಪಿದ ಚೆಂಡನ್ನು ಬಳಸುವ ಮುನ್ನವೇ ಬದಲಾಯಿಸಿಕೊಡಬೇಕೆಂಬ ಸಾಲೊಂದನ್ನು ಸೇರಿಸಬೇಕು. ಚೆಂಡುಗಳು ಶಾಲೆಗೆ ಬಂದ ದಿನವೇ ಪ್ರತಿಯೊಂದನ್ನೂ ಅಳೆದು, ತೂಗಿ, ದಾಸ್ತಾನು ಪುಸ್ತಕದಲ್ಲಿ ಅದರ ಅಳತೆಯನ್ನು ಬರೆದುಕೊಂಡ ಮೇಲೆಯೇ ಬಿಲ್ಲಿಗೆ ಸಹಿ ಹಾಕಬೇಕು.