ಪ್ಯಾಕೆಟ್ ನಮ್ಮದೇ, ಮಾಲು ಬೇರೆಯವರದ್ದು

ನಮ್ಮ ಮನೆಗಳಲ್ಲಿ ರಸ್ಕ್, ಹಲ್ವ, ಚಾಪುಡಿ ಪ್ಯಾಕ್ ಮಾಡಿ ಅಂಗಡಿಗಳಿಗೆ ಹಾಕಿ ಬದುಕುವವರು ಅನೇಕರಿದ್ದಾರೆ. ಅಂಥವರೊಬ್ಬರು ಹೊಸಪೇಟೆಯಲ್ಲಿ ಬೇಕರಿ ಇಟ್ಟುಕೊಂಡು ಹಂಪಿ, ಸಂಡೂರು, ಕಂಪ್ಲಿಗೆ ರಸ್ಕ್ ಕಳಿಸುತ್ತಾರೆ ಅಂತ ಇಟ್ಟುಕೊಳ್ಳೋಣ. ಹಳದಿ ಕವರ್, ಕೆಂಪು ಪಟ್ಟಿ, ನಡುವೆ ಚಾ ಲೋಟದ ಚಿತ್ರ. ಒಂದು ತಿಂಗಳು ಕಂಪ್ಲಿಯ ಆರ್ಡರ್ ಮಾತ್ರ ಅರ್ಧಕ್ಕೆ ಇಳಿಯುತ್ತದೆ, ಸಂಡೂರಿನದ್ದು ಹಾಗೇ ಇದೆ. ಹೋಗಿ ನೋಡಿದರೆ ಅಂಗಡಿಯಲ್ಲಿ ಅದೇ ಹಳದಿ, ಅದೇ ಪಟ್ಟಿ, ಲೋಟದ ಜಾಗದಲ್ಲಿ ಕೆಟಲ್. ಹೆಸರು ಮಾತ್ರ ಬೇರೆ.

ಎಲ್ಲಾ ಊರಲ್ಲೂ ವ್ಯಾಪಾರ ಇಳಿದರೆ ಅದು ಸೀಸನ್ನೋ ರುಚಿಯೋ ಇರಬಹುದು. ಒಂದೇ ಊರಲ್ಲಿ ಇಳಿದರೆ ಮೊದಲು ಅಲ್ಲಿನ ಅಂಗಡಿಯ ಕಪಾಟು ನೋಡಬೇಕು.

ಆಗ ಎಲ್ಲರಿಗೂ ಮೊದಲು ಹೊಳೆಯುವುದು, 'ನಾವೂ ರೇಟ್ ಇಳಿಸುವ' ಎಂದು. ಸ್ವಲ್ಪ ಲೆಕ್ಕ ಹಾಕಿ. ಪ್ಯಾಕೆಟಿನ ಮೇಲಿನ ಬೆಲೆ 40 ರೂಪಾಯಿ. ನಾವು ಅಂಗಡಿಗೆ 32ಕ್ಕೆ ಕೊಡುತ್ತೇವೆ, ಖರ್ಚು 27, ಉಳಿಯುವುದು 5. ನಕಲಿನವರು ಅದೇ 40 ಅಚ್ಚು ಹಾಕಿ ಅಂಗಡಿಗೆ 24ಕ್ಕೆ ಕೊಡುತ್ತಾರೆ. ನಮ್ಮ ಪ್ಯಾಕೆಟಿನಲ್ಲಿ ಅಂಗಡಿಯವರಿಗೆ 8 ರೂಪಾಯಿ, ಅವರದ್ದರಲ್ಲಿ 16. ಹಾಗಾಗಿ ಕಡಿಮೆ ಬೆಲೆಯ ಲಾಭ ಗಿರಾಕಿಗೆ ಸಿಗಲೇ ಇಲ್ಲ. ಹಳದಿ ರಸ್ಕ್ ಕೊಡಿ ಎಂದ ಮಗುವಿನ ಕೈಗೆ ಯಾವುದನ್ನು ಕೊಡಬೇಕೆಂಬುದು ಆ 16 ರೂಪಾಯಿಯಲ್ಲಿ ತೀರ್ಮಾನವಾಗುತ್ತದೆ. ನಾವು 29ಕ್ಕೆ ಇಳಿಸಿದರೆ ನಮಗೆ ಉಳಿಯುವುದು 2. ಮೊದಲು ಸಾವಿರ ಪ್ಯಾಕೆಟಿಗೆ ಸಿಗುತ್ತಿದ್ದ 5,000 ರೂಪಾಯಿಗೆ ಈಗ 2,500 ಪ್ಯಾಕೆಟ್ ಮಾರಬೇಕು. ಅಂಗಡಿಯವರಿಗೆ ಸಿಗುವುದಾದರೂ 11, ಆಗಲೂ ನಕಲಿನದ್ದೇ ಲಾಭ. ಈ ಆಟದಲ್ಲಿ ನಾವು ಗೆಲ್ಲಲಿಕ್ಕಿಲ್ಲ. ಉಳಿಸಿಕೊಳ್ಳಬೇಕಾದ್ದು ಪ್ಯಾಕೆಟಿನ ಮುಖ.

ಈ ಮುಖದ ವಿಷಯದಲ್ಲಿ ನಮ್ಮ ರಾಜ್ಯದ್ದೇ ಒಂದು ದೊಡ್ಡ ಕೇಸ್ ಇದೆ. 1961ರಲ್ಲಿ ಪಾರ್ಲೆ ಕಂಪನಿಯವರು ಮೈಸೂರಿನ ಜೆ.ಪಿ. ಅಂಡ್ ಕಂಪನಿಯ ಗ್ಲೂಕೋಸ್ ಬಿಸ್ಕೆಟ್ ಪ್ಯಾಕೆಟ್ ನೋಡಿದರು. ಎರಡರ ಹೊದಿಕೆಯಲ್ಲೂ ಹುಡುಗಿ, ಹಸು, ಕೋಳಿ, ಹಿಂದೆ ಹಳ್ಳಿಯ ಮನೆ. ಮೈಸೂರಿನವರ ಹುಡುಗಿಯ ತಲೆ ಮೇಲೆ ಹುಲ್ಲಿನ ಹೊರೆ, ಹೆಸರೂ ಬೇರೆ. ಈ ವ್ಯತ್ಯಾಸಗಳನ್ನು ನೋಡಿ ಕೆಳಗಿನ ಕೋರ್ಟು, ಹೈಕೋರ್ಟು ಎರಡೂ ಪಾರ್ಲೆಯ ಕೇಸ್ ವಜಾ ಮಾಡಿದವು. 1972ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು. ಎರಡು ಪ್ಯಾಕೆಟನ್ನು ಅಕ್ಕಪಕ್ಕ ಇಟ್ಟು ವ್ಯತ್ಯಾಸ ಎಣಿಸುವುದಲ್ಲ. ಇವತ್ತು ಒಂದನ್ನು ನೋಡಿದವನು ಇನ್ನೊಂದು ದಿನ ಮತ್ತೊಂದನ್ನು ಕಂಡರೆ ಅದೇ ಎಂದು ಮೋಸ ಹೋಗುತ್ತಾನೋ ಎಂದು ನೋಡಬೇಕು, ಇದು ಆ ತೀರ್ಪಿನ ಸಾರ. ಅಂಗಡಿಗೆ ಹೋಗುವವರು ನಿನ್ನೆಯ ಕವರನ್ನು ಕೈಯಲ್ಲಿ ಹಿಡಿದುಕೊಂಡು ಹೋಗುವುದಿಲ್ಲ, ತಲೆಯಲ್ಲಿ ಇಟ್ಟುಕೊಂಡು ಹೋಗುತ್ತಾರೆ.

ಆದರೆ ಹತ್ತು ವರ್ಷಕ್ಕೂ ಮೇಲೆ ಕೇಸ್ ನಡೆಸಲು ಪಾರ್ಲೆಗೆ ಶಕ್ತಿ ಇತ್ತು. ಸಣ್ಣವರು ಮೊದಲೇ ತಯಾರಿರಬೇಕು. ಹೆಸರನ್ನೂ ಇಡೀ ಲೇಬಲನ್ನೂ ಬೇರೆ ಬೇರೆಯಾಗಿ ಟ್ರೇಡ್ ಮಾರ್ಕ್ ನೋಂದಣಿ ಮಾಡಿಸಿ. ರಸ್ಕ್, ಬಿಸ್ಕೆಟ್, ಚಾಪುಡಿ ಬರುವುದು 30ನೇ ವರ್ಗದಲ್ಲಿ. ಆನ್‌ಲೈನ್ ಅರ್ಜಿಗೆ ಒಬ್ಬ ವ್ಯಕ್ತಿಗೆ ಅಥವಾ ಸಣ್ಣ ಉದ್ಯಮಕ್ಕೆ 4,500 ರೂಪಾಯಿ ಶುಲ್ಕ, ನೋಂದಣಿ ಆದರೆ 10 ವರ್ಷ, ಮತ್ತೆ ನವೀಕರಿಸಬಹುದು. ಆಗ ನಕಲು ಕಂಪ್ಲಿಯಲ್ಲಿ ಮಾರಾಟವಾದರೂ ನಾವು ವ್ಯಾಪಾರ ಮಾಡುವ ಕಡೆಯ ಜಿಲ್ಲಾ ಕೋರ್ಟಿನಲ್ಲೇ ದಾವೆ ಹಾಕಬಹುದು.

ನೋಂದಣಿ ಇಲ್ಲದವರೂ ಕೈಚೆಲ್ಲಬೇಕಿಲ್ಲ. ಬೇರೆಯವರ ಮಾಲನ್ನು ನಮ್ಮದೆಂದು ದಾಟಿಸುವುದರ ವಿರುದ್ಧವೂ ದಾವೆ ಇದೆ. ಆದರೆ ಆ ಪ್ಯಾಕೆಟಿನಿಂದ ಜನ ನಮ್ಮನ್ನು ಗುರುತಿಸುತ್ತಾರೆ, ನಕಲಿನಿಂದ ಮೋಸ ಹೋಗುತ್ತಾರೆ, ನಮಗೆ ನಷ್ಟವಾಗುತ್ತದೆ ಎಂದು ನಾವೇ ತೋರಿಸಬೇಕು. ಇಲ್ಲಿ ಬೇಕಾಗುವುದು ಹಳೇ ಕಾಗದ: ಕವರ್ ಅಚ್ಚು ಹಾಕಿಸಿದ ಮೊದಲ ಬಿಲ್ಲು, ಅಂಗಡಿಗಳಿಗೆ ಹಾಕಿದ ವರ್ಷವಾರು ಬಿಲ್ಲು, ಹಳೇ ಪ್ಯಾಕೆಟ್. ನಕಲನ್ನೂ ಬಿಲ್ಲು ಮಾಡಿಸಿಯೇ ಕೊಳ್ಳಿ. ಪ್ರತಿ ಪ್ಯಾಕೆಟಿಗೆ ಬ್ಯಾಚ್ ನಂಬರ್ ಹಾಕಿದರೆ, ಹಾಳಾಗಿದೆ ಎಂದು ವಾಪಸ್ ಬಂದದ್ದು ನಮ್ಮದಲ್ಲ ಎಂದು ಅಲ್ಲೇ ಗೊತ್ತಾಗುತ್ತದೆ. ಇವೆಲ್ಲ ಕೈಯಲ್ಲಿದ್ದರೆ ವಕೀಲರ ನೋಟಿಸಿಗೂ ತೂಕ ಬರುತ್ತದೆ.

ಒಂದು ಮಿತಿ ನೆನಪಿರಲಿ. 'ರಸ್ಕ್' ಎಂಬ ಶಬ್ದವಾಗಲಿ, ಎಲ್ಲರೂ ಬಳಸುವ ಹಳದಿ ಬಣ್ಣವೊಂದೇ ಆಗಲಿ ಯಾರ ಸ್ವತ್ತೂ ಅಲ್ಲ. ಕಾಯಲಿಕ್ಕೆ ಆಗುವುದು ಒಟ್ಟು ನೋಟವನ್ನು. ಅದಕ್ಕೇ ನಕಲು ಬಂತೆಂದು ಸಿಟ್ಟಿನಲ್ಲಿ ಇಡೀ ಕವರ್ ಬದಲಾಯಿಸಬೇಡಿ. ಜನರ ತಲೆಯಲ್ಲಿ ಕೂತ ಗುರುತನ್ನು ನಾವೇ ಅಳಿಸಿದ ಹಾಗಾಗುತ್ತದೆ. ಕವರ್ ಹಾಗೇ ಇರಲಿ, ಹೆಸರಿನ ಅಕ್ಷರ ದೊಡ್ಡದಾಗಲಿ. ಕಂಪ್ಲಿಯ ಮಗು 'ಹಳದಿ ರಸ್ಕ್' ಎನ್ನುವ ಬದಲು ಹೆಸರು ಹೇಳಿ ಕೇಳುವ ದಿನ, ಅಂಗಡಿಯವರ ಆ 16 ರೂಪಾಯಿಯ ಲೆಕ್ಕ ನಡೆಯುವುದಿಲ್ಲ.