ವಿಮಾನದಲ್ಲಿ ಬ್ಯಾಗ್ ಬಾರದಿದ್ದರೆ ಅಥವಾ ಒಡೆದು ಬಂದರೆ: ದೂರಿಗೂ ಕ್ಲೇಮಿಗೂ ಇರುವ ವ್ಯತ್ಯಾಸ

ಚೆಕ್-ಇನ್ ಮಾಡಿದ ಬ್ಯಾಗ್ ಬೆಲ್ಟಿನ ಮೇಲೆ ಬಾರದಿದ್ದರೆ ಕೌಂಟರಿನಲ್ಲಿ ಹೇಳಿದ ಮೇಲೆ ಎಲ್ಲವೂ ಮುಗಿಯಿತು ಎಂದು ಹಲವರು ತಿಳಿಯುತ್ತಾರೆ. ಆದರೆ ಅಲ್ಲಿ ಕೊಡುವುದು ಬ್ಯಾಗ್ ಹುಡುಕಲು ಬೇಕಾದ ದೂರು ಮಾತ್ರ. ಪರಿಹಾರಕ್ಕೆ ಬೇರೆಯಾಗಿ, ಗಡುವಿನೊಳಗೆ, ಬರೆದು ಕೇಳಬೇಕು.

ಒಂದು ಉದಾಹರಣೆ ನೋಡೋಣ. ಒಂದು ಕುಟುಂಬ ಡಿಸೆಂಬರ್ 10ರಂದು ಮದುವೆಗೆಂದು ಬೆಂಗಳೂರಿನಿಂದ ಅಹಮದಾಬಾದಿಗೆ ಹೋಗಿದೆ, ಒಂದು ಬ್ಯಾಗ್ ಬಂದಿಲ್ಲ. ಹೊರಗೆ ಬರುವ ಮೊದಲೇ, ಬ್ಯಾಗ್ ಪಡೆಯುವ ಹಾಲ್‌ನಲ್ಲಿರುವ ಅದೇ ವಿಮಾನ ಕಂಪನಿಯ ಕೌಂಟರಿಗೆ ಹೋಗಬೇಕು. ಚೆಕ್-ಇನ್ ವೇಳೆ ಕೊಟ್ಟ ಬ್ಯಾಗ್ ಟ್ಯಾಗಿನ ಚೀಟಿ ತೋರಿಸಿ, ಬ್ಯಾಗಿನ ಬಣ್ಣ, ಗಾತ್ರ, ಒಳಗಿನ ಒಂದೆರಡು ಗುರುತು ಸಿಗುವ ವಸ್ತುಗಳನ್ನು ಹೇಳಿ PIR ಎಂಬ ವರದಿ ಬರೆಸಬೇಕು. ಅದರ ಮೇಲೆ ಸಾಮಾನ್ಯವಾಗಿ AMDXX12345 ಮಾದರಿಯ ಸಂಖ್ಯೆ ಇರುತ್ತದೆ. ಮೊದಲ ಮೂರು ಅಕ್ಷರ ವಿಮಾನ ನಿಲ್ದಾಣದ್ದು, ಮುಂದಿನ ಎರಡು ಕಂಪನಿಯದು. ಬ್ಯಾಗ್ ಎಲ್ಲಿದೆ ಎಂದು ಆಮೇಲೆ ವಿಚಾರಿಸಲು ಈ ಸಂಖ್ಯೆಯೇ ಆಧಾರ. ಪ್ರತಿ ಪಡೆಯದೆ ಹೊರಡಬೇಡಿ.

ಬ್ಯಾಗ್ ಡಿಸೆಂಬರ್ 12ರಂದು ಮನೆಗೆ ಬಂತು, ಚಕ್ರ ಮುರಿದಿದೆ ಎನ್ನೋಣ. ಹಾನಿಗೆ ಬ್ಯಾಗ್ ಕೈಸೇರಿದ ದಿನದಿಂದ 7 ದಿನದೊಳಗೆ, ಅಂದರೆ 19ರೊಳಗೆ, ಕಂಪನಿಗೆ ಬರೆಯಬೇಕು. ತಡವಾದದ್ದಕ್ಕೆ 21 ದಿನ, ಅಂದರೆ ಜನವರಿ 2ರವರೆಗೆ. ಈ ಗಡುವು ದಾಟಿದರೆ ಹಕ್ಕು ಹೋಗುತ್ತದೆ. ಆದ್ದರಿಂದ ಬ್ಯಾಗ್ ತಂದವರ ಎದುರಿಗೇ ತೆರೆದು ನೋಡಿ, ಫೋಟೋ ತೆಗೆದು, ಹಾನಿಯಿದ್ದರೆ ರಸೀದಿಯ ಮೇಲೆ ಬರೆದು ಸಹಿ ಮಾಡಿ. ಏನೂ ಬರೆಯದೆ ಸಹಿ ಮಾಡಿದರೆ ಬ್ಯಾಗ್ ಸರಿಯಾಗಿತ್ತು ಎಂದೇ ಮೊದಲು ಎಣಿಸುತ್ತಾರೆ. ಬರಬೇಕಿದ್ದ ದಿನದಿಂದ 21 ದಿನವಾದರೂ ಬ್ಯಾಗ್ ಬಾರದಿದ್ದರೆ, ಕಳೆದುಹೋಯಿತೆಂದು ಪರಿಹಾರ ಕೇಳಬಹುದು.

ಕ್ಲೇಮ್ ಪತ್ರವನ್ನು ಇಮೇಲ್‌ನಲ್ಲಿ ಕಳುಹಿಸಿದರೆ ದಿನಾಂಕದ ಸಾಕ್ಷಿ ಉಳಿಯುತ್ತದೆ. ಟಿಕೆಟ್, ಬೋರ್ಡಿಂಗ್ ಪಾಸ್, ಟ್ಯಾಗ್ ಚೀಟಿ, PIR, ಫೋಟೋ, ರಿಪೇರಿ ಬಿಲ್ ಜೊತೆಗಿರಲಿ. ಬ್ಯಾಗ್ ಬರುವವರೆಗೆ ಕೊಂಡ ಬಟ್ಟೆ, ಸೋಪು ಮೊದಲಾದ ಅಗತ್ಯ ವಸ್ತುಗಳ ಬಿಲ್ಲೂ ಇರಲಿ. ದೇಶದೊಳಗಿನ ಪ್ರಯಾಣಕ್ಕೆ ಒಬ್ಬ ಪ್ರಯಾಣಿಕರಿಗೆ ಗರಿಷ್ಠ ₹20,000 ಮಿತಿಯಿದೆ. ಅದು ಮಿತಿಯೇ ಹೊರತು ಎಲ್ಲರಿಗೂ ಸಿಗುವ ಮೊತ್ತವಲ್ಲ, ನಷ್ಟವನ್ನು ತೋರಿಸಬೇಕು. ಬೆಲೆಬಾಳುವ ಸಾಮಾನಿದ್ದರೆ ಚೆಕ್-ಇನ್‌ನಲ್ಲೇ ಮೌಲ್ಯ ಘೋಷಿಸಿ, ಕಂಪನಿ ಕೇಳಿದರೆ ಹೆಚ್ಚುವರಿ ಶುಲ್ಕ ಕಟ್ಟುವ ದಾರಿಯಿದೆ. ಆದರೆ ಒಡವೆ, ನಗದು, ಕಾಗದಪತ್ರಗಳಿಗೆ ಕಂಪನಿಗಳು ಸಾಮಾನ್ಯವಾಗಿ ಹೊಣೆ ಒಪ್ಪುವುದಿಲ್ಲ. ಅವು ಕೈಚೀಲದಲ್ಲೇ ಇರಲಿ.

ಕಂಪನಿ ಉತ್ತರಿಸದಿದ್ದರೆ ಅದರ ನೋಡಲ್ ಅಧಿಕಾರಿಗೆ, ನಂತರ ಕೇಂದ್ರ ಸರ್ಕಾರದ AirSewa ತಾಣದಲ್ಲಿ ದೂರು ಕೊಡಿ. ಗ್ರಾಹಕರ ಆಯೋಗಕ್ಕೂ ಹೋಗಬಹುದು, ಆದರೆ 2 ವರ್ಷದೊಳಗೆ.