ಒಂದು ಸೆಕೆಂಡಿಗೆ ಹನ್ನೆರಡು ಭಂಗಿ

ಜೇಡಿಮಣ್ಣಿನಂಥ ಪ್ಲಾಸ್ಟಿಸಿನ್ ಗೊಂಬೆಯೊಂದು ‘ಅಮ್ಮಾ’ ಎಂದು ಕರೆಯಬೇಕು. ಅದಕ್ಕೆ ಹಿಡಿಯುವುದು ಒಂದು ಸೆಕೆಂಡು, ಅಂದರೆ 24 ಫ್ರೇಮು. ಒಂದೊಂದು ಭಂಗಿಯನ್ನು ಎರಡು ಫ್ರೇಮು ಸೆರೆಹಿಡಿಯುವುದು ವಾಡಿಕೆ. ಹಾಗಾಗಿ ಹನ್ನೆರಡು ಭಂಗಿ ಸಾಕು.

ಆ ಹನ್ನೆರಡೂ ಮೊದಲೇ ಕಾಗದದ ಮೇಲೆ ಇರಬೇಕು. ಸಂಭಾಷಣೆಯನ್ನು ಮುಂಚೆಯೇ ಧ್ವನಿಮುದ್ರಿಸಿ, ಯಾವ ಫ್ರೇಮಿನಲ್ಲಿ ಯಾವ ಅಕ್ಷರ ಕೇಳಿಸುತ್ತದೆ ಎಂದು ಗುರುತಿಸಿ, ‘ಡೋಪ್ ಶೀಟ್’ ಎಂಬ ಪಟ್ಟಿಯಲ್ಲಿ ಬರೆದುಕೊಳ್ಳುತ್ತಾರೆ. 1ರಿಂದ 4ರವರೆಗೆ ಬಾಯಿ ಅರ್ಧ ತೆರೆದಿದೆ, 5ರಿಂದ 10ರವರೆಗೆ ‘ಮ್ಮ’ಕ್ಕಾಗಿ ತುಟಿ ಮುಚ್ಚಿದೆ, 20ರವರೆಗೆ ಅಗಲವಾಗಿ ತೆರೆದು, ಕೊನೆಯ ನಾಲ್ಕರಲ್ಲಿ ಮುಚ್ಚಿಕೊಳ್ಳುತ್ತದೆ. ತುಟಿ ಮುಚ್ಚುವುದನ್ನು ಬಿಟ್ಟರೆ ಮಾತು ಬೇರೆಲ್ಲಿಂದಲೋ ಬಂದಂತೆ ಕಾಣುತ್ತದೆ. ಅದೇ ಸಾಲಿನಲ್ಲಿ ರೆಪ್ಪೆ, ಕೈ, ಕ್ಯಾಮೆರಾಕ್ಕೂ ಒಂದೊಂದು ಅಂಕಣವಿರುತ್ತದೆ.

ಇಷ್ಟು ಕಟ್ಟುನಿಟ್ಟು ಏಕೆಂದರೆ, ಮುಂದಿನ ಭಂಗಿಗೆ ತಿದ್ದಿದ ಮಣ್ಣು ಹಿಂದಿನದಕ್ಕೆ ಕರಾರುವಾಕ್ಕಾಗಿ ಮರಳದು. ಹದಿನೈದನೇ ಫ್ರೇಮಿನಲ್ಲಿ ಕೈ ತಡವಾಗಿದೆ ಎಂದು ಕೊನೆಯಲ್ಲಿ ಗೊತ್ತಾದರೆ ಸಾಮಾನ್ಯವಾಗಿ ಶಾಟನ್ನೇ ಮತ್ತೆ ಮಾಡಬೇಕು. ಅದಕ್ಕೇ ಮುಖ್ಯ ಭಂಗಿಗಳನ್ನಷ್ಟೇ ಒರಟಾಗಿ ಚಿತ್ರಿಸಿ, ಧ್ವನಿಯೊಂದಿಗೆ ಓಡಿಸಿ ನೋಡುತ್ತಾರೆ. ವೇಗದ ಚಲನೆ ಅಲ್ಲಿ ತೊದಲಿದರೆ, ಆ ತುಂಡಿಗಷ್ಟೇ ಪ್ರತಿ ಫ್ರೇಮಿಗೂ ಹೊಸ ಭಂಗಿ ಕೊಡುತ್ತಾರೆ.

ಕೆಲಸ ಕಡಿಮೆ ಮಾಡುವ ಉಪಾಯ ಪಾತ್ರದಲ್ಲೇ ಸಿಗುವುದೂ ಉಂಟು. ನಿಕ್ ಪಾರ್ಕ್ ಅವರ ‘ಎ ಗ್ರ್ಯಾಂಡ್ ಡೇ ಔಟ್’ (1989) ಚಿತ್ರದ ನಾಯಿ ಗ್ರೋಮಿಟ್‌ಗೆ ಮೊದಲು ಮಾತಿನ ಯೋಚನೆಯಿತ್ತು. ಹುಬ್ಬನ್ನು ಚೂರು ಸರಿಸಿದರೂ ಮನಸ್ಸು ತಿಳಿಯುತ್ತದೆ ಎಂದು ಕಂಡುಕೊಂಡ ಪಾರ್ಕ್ ಅದಕ್ಕೆ ಬಾಯನ್ನೇ ಇಡಲಿಲ್ಲ. ಗ್ರೋಮಿಟ್‌ನ ಶಾಟುಗಳಲ್ಲಿ ತುಟಿಯ ಅಂಕಣ ಖಾಲಿ, ಹುಬ್ಬಿನದು ಭರ್ತಿ.